ಇಬ್ಬರು ಲಕ್ಷ್ಮಮ್ಮಂದಿರು ಮತ್ತು ಹಾಲಿನ ಲೆಕ್ಕ

ಹಳ್ಳಿಯ ಹಾಲು ಉತ್ಪಾದಕರ ಸಂಘವೊಂದರಲ್ಲಿ ನೂರು ಸದಸ್ಯರಿದ್ದಾರೆ, ಅವರಲ್ಲಿ ಇಬ್ಬರ ಹೆಸರು ಲಕ್ಷ್ಮಮ್ಮ ಎಂದಿಟ್ಟುಕೊಳ್ಳೋಣ. ಪುಸ್ತಕದಲ್ಲಿ ಲೆಕ್ಕ ಬರೆಯುವ ಕಾರ್ಯದರ್ಶಿಗೆ ಗೊಂದಲವಿಲ್ಲ. ಯಾವ ಲಕ್ಷ್ಮಮ್ಮ ಯಾರ ಮನೆಯವರೆಂದು ಅವರಿಗೆ ಗೊತ್ತು. ಅದೇ ಲೆಕ್ಕ ಎಕ್ಸೆಲ್‌ಗೆ ಬಂದಾಗ ಇಬ್ಬರ ಹಾಲೂ ಒಂದೇ ಹೆಸರಿನಡಿ ಸೇರಿಹೋಗುತ್ತದೆ. ಒಂದು ದಿನ ‘ಲಕ್ಷ್ಮಮ್ಮ’ ಎಂದೂ ಮರುದಿನ ‘ಲಕ್ಷ್ಮಮ್ಮ ಕೆ’ ಎಂದೂ ಟೈಪ್ ಮಾಡಿದರೆ, ಒಬ್ಬರೇ ಇಬ್ಬರಾಗುತ್ತಾರೆ.

ಈ ತೊಡಕು ಬಿಡಿಸಬೇಕಾದರೆ ಹಾಳೆಯನ್ನು ಜೋಡಿಸುವ ಕ್ರಮವೇ ಬದಲಾಗಬೇಕು.

ಮೊದಲನೆಯದು ಸಾಲು. ಗೋಡೆಯ ಕ್ಯಾಲೆಂಡರ್ ನೋಡಿ ಅಭ್ಯಾಸವಾದವರು ದಿನಕ್ಕೆರಡು ಕಾಲಂ ಹಾಕುತ್ತಾರೆ, ಬೆಳಗ್ಗೆಗೊಂದು, ಸಂಜೆಗೊಂದು. ಮೂವತ್ತು ದಿನಕ್ಕೆ 60 ಕಾಲಂ ಆಗುತ್ತದೆ. ಮುಂದಿನ ತಿಂಗಳಿಗೆ ಮತ್ತೊಂದು ಹಾಳೆ ಬೇಕು. ಡೇಟಾಬೇಸ್‌ನ ರೀತಿ ಬೇರೆ. ಅಲ್ಲಿ ಒಮ್ಮೆ ಹಾಲು ಹಾಕಿದ್ದಕ್ಕೆ ಒಂದು ಸಾಲು. ದಿನಾಂಕ, ಹೊತ್ತು, ಸದಸ್ಯರ ಸಂಖ್ಯೆ, ಲೀಟರ್, ದರ ಎಂದು ಐದು ಕಾಲಂ ಸಾಕು. ನೂರು ಜನ ದಿನಕ್ಕೆರಡು ಸಲ ಹಾಲು ಹಾಕಿದರೆ ತಿಂಗಳಿಗೆ 6,000 ಸಾಲು ಬೆಳೆಯುತ್ತದೆ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳಿಗೆ ಜಾಗವಿರುವುದರಿಂದ ವರ್ಷಗಟ್ಟಲೆ ಲೆಕ್ಕ ಒಂದೆಡೆಯೇ ಇರಬಹುದು. ನಡುವೆ ಖಾಲಿ ಸಾಲಾಗಲಿ ‘ಈ ವಾರದ ಒಟ್ಟು’ ಎಂಬ ಸಾಲಾಗಲಿ ಬರಬಾರದು. ಬಂದರೆ ಆ ಮೊತ್ತವೂ ಯಾರೋ ಹಾಕಿದ ಹಾಲೆಂದು ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ಕಾಲಂ. ಒಂದು ಕಾಲಮ್ಮಿನಲ್ಲಿ ಒಂದೇ ಬಗೆಯ ಮಾಹಿತಿ ಇರಬೇಕು. ಲೀಟರ್ ಕಾಲಮ್ಮಿನಲ್ಲಿ 6.5 ಎಂದಷ್ಟೇ ಬರೆಯಬೇಕು. ಯಾರೋ ‘6.5 ಲೀ’ ಎಂದು ಬರೆದರೆ ಅದು ಅಂಕಿಯಾಗಿ ಉಳಿಯದೆ ಅಕ್ಷರವಾಗುತ್ತದೆ, ಮೊತ್ತ ಕೂಡುವಾಗ ಎಕ್ಸೆಲ್ ಸದ್ದಿಲ್ಲದೆ ಅದನ್ನು ಬಿಟ್ಟುಬಿಡುತ್ತದೆ. ಇದನ್ನು ಕಣ್ಣಿನಲ್ಲೇ ಹಿಡಿಯಬಹುದು: ಸೆಲ್ಲಿನ ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಅಂಕಿಗಳು ಬಲಕ್ಕೆ ಅಂಟಿ ನಿಲ್ಲುತ್ತವೆ, ಅಕ್ಷರಗಳು ಎಡಕ್ಕೆ.

ಇನ್ನು ಇಬ್ಬರು ಲಕ್ಷ್ಮಮ್ಮಂದಿರನ್ನು ಬೇರೆ ಮಾಡುವ ಕೆಲಸ ಸದಸ್ಯರ ಸಂಖ್ಯೆಯದು. ‘ಸದಸ್ಯರು’ ಎಂಬ ಬೇರೊಂದು ಹಾಳೆಯಲ್ಲಿ ಒಬ್ಬರಿಗೆ M014, ಇನ್ನೊಬ್ಬರಿಗೆ M052 ಎಂದು ಕೊಟ್ಟು, ಪಕ್ಕದಲ್ಲಿ ಹೆಸರು, ಊರು, ಫೋನ್ ಬರೆಯಲಾಗುತ್ತದೆ. ‘ಹಾಲು’ ಹಾಳೆಯಲ್ಲಿ ಬರುವುದು ಸಂಖ್ಯೆ ಮಾತ್ರ. ಬರೀ 014 ಎಂದು ಟೈಪ್ ಮಾಡಿದರೆ ಎಕ್ಸೆಲ್ ಮೊದಲಿನ ಸೊನ್ನೆ ತೆಗೆದು 14 ಮಾಡಿಬಿಡುತ್ತದೆ. ಆದ್ದರಿಂದಲೇ ಮುಂದೆ ಒಂದು ಅಕ್ಷರ. ಎಕ್ಸೆಲ್ಲಿನ ಎಡ ಅಂಚಿನಲ್ಲಿ ಕಾಣುವ 1, 2, 3 ಎಂಬ ಸಾಲಿನ ಸಂಖ್ಯೆಯನ್ನು ಗುರುತಾಗಿ ಬಳಸುವಂತಿಲ್ಲ. ಹೆಸರಿನ ಅಕಾರಾದಿಯಲ್ಲಿ ಒಮ್ಮೆ ಜೋಡಿಸಿದರೆ ಸಾಕು, ಹದಿನಾಲ್ಕನೇ ಸಾಲಿನಲ್ಲಿ ಬೇರೆಯವರು ಬಂದು ಕೂತಿರುತ್ತಾರೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರ ತಮ್ಮ ಪ್ರಬಂಧದಲ್ಲಿ ಹೇಳಿದ್ದೂ ಇದೇ ವಿಚಾರ: ಮಾಹಿತಿಯನ್ನು ಅದು ಎಲ್ಲಿದೆ ಎಂಬುದರಿಂದಲ್ಲ, ಅದರೊಳಗಿನ ಗುರುತಿನಿಂದ ಹುಡುಕಬೇಕು. ಇಂದಿನ ಡೇಟಾಬೇಸ್‌ಗಳಲ್ಲಿ ಬಹುಪಾಲು ಈ ತಳಹದಿಯ ಮೇಲೆಯೇ ನಿಂತಿವೆ.

ಸಂಖ್ಯೆ ಇದ್ದರೆ ಎರಡು ಹಾಳೆಗಳು ಪರಸ್ಪರ ಮಾತಾಡುತ್ತವೆ. ‘ಹಾಲು’ ಹಾಳೆಯ C ಕಾಲಮ್ಮಿನಲ್ಲಿರುವ ಸಂಖ್ಯೆಗೆ ಹೆಸರು ತರುವ ಸೂತ್ರ ಇದು:

```
=VLOOKUP(C2,'ಸದಸ್ಯರು'!A:D,2,FALSE)
```

ಕೊನೆಯ FALSE ಬಿಟ್ಟರೆ ಎಕ್ಸೆಲ್ ಹತ್ತಿರದ ಹೊಂದಿಕೆ ಹುಡುಕಿ ಬೇರೆಯವರ ಹೆಸರು ತಂದಿಡಬಹುದು. FALSE ಇದ್ದಾಗ ಆ ಸಂಖ್ಯೆ ಪಟ್ಟಿಯಲ್ಲಿಲ್ಲದಿದ್ದರೆ #N/A ಕಾಣಿಸುತ್ತದೆ. ಟೈಪ್ ಮಾಡಿದ್ದು ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ‘ಸದಸ್ಯರು’ ಹಾಳೆಯಲ್ಲಿ ಒಬ್ಬೊಬ್ಬರ ಎದುರು ಒಟ್ಟು ಲೀಟರ್ ಬರಲು, D ಕಾಲಮ್ಮಿನಲ್ಲಿ ಲೀಟರ್ ಇದ್ದರೆ:

```
=SUMIFS('ಹಾಲು'!D:D,'ಹಾಲು'!C:C,A2)
```

ಈಗ M014ರವರ ಹಾಲು M014ರವರಿಗೇ ಸೇರುತ್ತದೆ. ಅವರ ಫೋನ್ ಬದಲಾದರೆ ತಿದ್ದಬೇಕಾದದ್ದು ಸಾವಿರಾರು ಸಾಲುಗಳನ್ನಲ್ಲ, ಒಂದೇ ಸೆಲ್ಲನ್ನು.

ನಿಜವಾದ ಡೇಟಾಬೇಸ್‌ಗೂ ಎಕ್ಸೆಲ್‌ಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲಿಂದ ಮುಂದೆ. ಅನನ್ಯ ಎಂದು ಗೊತ್ತುಮಾಡಿದ ಕಾಲಮ್ಮಿಗೆ M014 ಎರಡನೇ ಸಲ ಬಂದರೆ ಡೇಟಾಬೇಸ್ ಒಳಗೇ ಬಿಡುವುದಿಲ್ಲ. ಎಕ್ಸೆಲ್ ತಾನಾಗಿ ತಡೆಯುವುದಿಲ್ಲ. ಡೇಟಾ ವ್ಯಾಲಿಡೇಷನ್ ಎಂಬ ಕಾವಲು ಹಾಕಬಹುದಾದರೂ ಬೇರೆಡೆಯಿಂದ ಕಾಪಿ ಮಾಡಿ ಅಂಟಿಸಿದ ಸಂಖ್ಯೆ ಅದನ್ನು ದಾಟಿಬಿಡುತ್ತದೆ. ಹಾಗಾಗಿ ‘ಸದಸ್ಯರು’ ಹಾಳೆಯ ಖಾಲಿ ಕಾಲಮ್ಮೊಂದರಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಬೇಕು:

```
=COUNTIF(A:A,A2)>1
```

TRUE ಎಂದು ಬಂದ ಕಡೆಯೆಲ್ಲ ಒಂದೇ ಸಂಖ್ಯೆ ಇಬ್ಬರಿಗೆ ಹೋಗಿದೆ ಎಂದರ್ಥ. ಸಂಘ ಬಿಟ್ಟವರ ಸಂಖ್ಯೆಯನ್ನು ಹೊಸಬರಿಗೆ ಕೊಟ್ಟರೆ ಈ ಪರೀಕ್ಷೆಗೂ ಅದು ಸಿಗುವುದಿಲ್ಲ. ಹಳಬರ ಹಾಲು ಹೊಸಬರ ಖಾತೆಗೆ ಜಮೆಯಾಗುತ್ತದೆ. ಹೊರಟವರ ಸಾಲನ್ನು ಅಳಿಸದೆ, ಪಕ್ಕದಲ್ಲಿ ‘ಬಿಟ್ಟಿದ್ದಾರೆ’ ಎಂದು ಬರೆದಿಟ್ಟು, ಹೊಸಬರಿಗೆ M101 ಕೊಡುವುದು ಸರಿಯಾದ ಕ್ರಮ.