ಬೀಗರಿಗೆ ಎರಡು ನಿಮಿಷದ ಸ್ವಾಗತ

ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸುವ ಮೊದಲು ಹುಡುಗಿಯ ತಂದೆ ನಾಲ್ಕು ಮಾತಾಡಿದರೆ ಸಭೆಗೆ ಕಳೆ ಬರುತ್ತದೆ. ಎದುರು ಕೂತವರಲ್ಲಿ ಅರ್ಧ ಜನಕ್ಕೆ ಉಳಿದರ್ಧ ಜನರ ಪರಿಚಯ ಇರುವುದಿಲ್ಲ.

ಮೊದಲು ಗಂಡಿನ ಕಡೆಯವರು, ಅವರಲ್ಲೂ ಮೊದಲು ಅಜ್ಜ ಅಜ್ಜಿ. ಆಮೇಲೆ ಅಪ್ಪ ಅಮ್ಮ, ಹುಡುಗ, ಒಡಹುಟ್ಟಿದವರು. ನಮ್ಮವರು ಕೊನೆಗೆ. ಹೀಗೆ ಹೇಳಬಹುದು:

“ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬೆಳಗಿನ ಜಾವವೇ ಹೊರಟು ಬಂದಿದ್ದೀರಿ, ತುಂಬ ಸಂತೋಷ. ಇವರು ಹುಡುಗನ ಅಜ್ಜಿ, ಮನೆಗೆ ಹಿರಿಯರು. ಇವರು ನಮ್ಮ ಬೀಗರು, ಮೇಷ್ಟ್ರಾಗಿದ್ದವರು, ಪಕ್ಕದಲ್ಲಿ ಬೀಗಿತಿಯವರು. ನಮ್ಮ ಕಡೆಯಿಂದ ಇವರು ನನ್ನ ಅಣ್ಣ ಅತ್ತಿಗೆ. ಇವರು ಮಗಳ ಸೋದರಮಾವ, ಅವಳನ್ನು ಎತ್ತಿ ಆಡಿಸಿದವರು. ಹಿರಿಯರೆಲ್ಲ ಮಕ್ಕಳನ್ನು ಹರಸಬೇಕು, ಊಟ ಮಾಡಿಕೊಂಡೇ ಹೋಗಬೇಕು.”

ಒಬ್ಬೊಬ್ಬರಿಗೆ ಒಂದೇ ವಾಕ್ಯ, ಹೆಸರಿನ ಜೊತೆ ನಂಟು. ಸಂಬಳ, ಸೈಟು, ವಿದೇಶದ ಕೆಲಸ ಬಂದರೆ ಪರಿಚಯ ಹೋಗಿ ಹೋಲಿಕೆ ಶುರುವಾಗುತ್ತದೆ. ಒಬ್ಬ ಅಳಿಯನ ಹುದ್ದೆ ಹೇಳಿ ಇನ್ನೊಬ್ಬನದು ಬಿಟ್ಟರೆ ಆ ಮುಖ ಬಾಡುವುದು ಅಲ್ಲೇ ಕಾಣುತ್ತದೆ. ಹೆಚ್ಚಾಗಿ ಮರೆತುಹೋಗುವವರು ಸೋದರಮಾವ ಮತ್ತು ಒಂಟಿಯಾಗಿರುವ ಅತ್ತೆ, ಚಿಕ್ಕಮ್ಮಂದಿರು. ಗಂಡ ತೀರಿಕೊಂಡವರೆಂಬ ಕಾರಣಕ್ಕೆ ಯಾರನ್ನೂ ಹಿಂದಿನ ಸಾಲಿಗೆ ಸರಿಸಬಾರದು; ಅವರ ಹೆಸರನ್ನೂ ಅಷ್ಟೇ ಗೌರವದಿಂದ ಕರೆಯಬೇಕು.

ಹಿಂದಿನ ಸಂಜೆಯೇ ಬೀಗಿತಿಯವರಿಗೆ ಫೋನ್ ಮಾಡಿ, ಬರುವವರ ಹೆಸರು, ಸಂಬಂಧ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿ ನೋಡಿ ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರು ತಪ್ಪಿದರೆ ತಿಳಿಯುತ್ತಾರೆ.