ಹತ್ತು ಸಾವಿರನೆಯ ಅಂಕ ಎಷ್ಟು?

ಪ್ರವೇಶ ಪರೀಕ್ಷೆಯೊಂದನ್ನು 10 ಲಕ್ಷ ಮಂದಿ ಬರೆದಿದ್ದಾರೆ, ಸೀಟು ಮಾತ್ರ 10,000 ಎಂದಿಟ್ಟುಕೊಳ್ಳಿ. ಕಟ್‌ಆಫ್ ಗೊತ್ತಾಗಲು ಬೇಕಿರುವುದು ಒಂದೇ ಸಂಖ್ಯೆ: ಮೇಲಿನಿಂದ 10,000ನೆಯ ಅಂಕ. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಅಷ್ಟೂ ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಎಣಿಸುತ್ತ ಬರುವುದು. ಉತ್ತರವೇನೋ ಸಿಗುತ್ತದೆ. ಆದರೆ ಹಾಗೆ ಮಾಡುವಾಗ 8 ಲಕ್ಷದಾಚೆ ಇರುವವರಲ್ಲಿ ಯಾರು ಯಾರಿಗಿಂತ ಮುಂದೆ ಎಂಬುದನ್ನೂ ತೀರ್ಮಾನಿಸಿರುತ್ತೇವೆ. ಅದನ್ನು ಯಾರೂ ಕೇಳಿರಲಿಲ್ಲ. ಎರಡೆರಡು ಅಂಕಗಳನ್ನು ಹೋಲಿಸಿ ಜೋಡಿಸುವ ವಿಧಾನ ಯಾವುದೇ ಆಗಲಿ, 10 ಲಕ್ಷ ಅಂಕಗಳಿಗೆ ಸರಾಸರಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಹೋಲಿಕೆ ಬೇಕೇ ಬೇಕು.

ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1961ರಲ್ಲಿ ಪ್ರಸಿದ್ಧವಾದ ಕ್ವಿಕ್‌ಸಾರ್ಟ್ ವಿಧಾನವನ್ನು ಪ್ರಕಟಿಸಿದರು. ಅದರ ಪಕ್ಕದಲ್ಲೇ ‘ಫೈಂಡ್’ ಎಂಬ ಇನ್ನೊಂದು ಪುಟ್ಟ ವಿಧಾನವೂ ಅಚ್ಚಾಯಿತು. ಇಂದು ನಾವು ಕ್ವಿಕ್‌ಸೆಲೆಕ್ಟ್ ಎನ್ನುವುದು ಅದನ್ನೇ. ಜೋಡಿಸುವ ಕೆಲಸದ ಮೊದಲ ಹೆಜ್ಜೆಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಅದರ ಜಾಣ್ಮೆ.

ಹನ್ನೊಂದು ಅಂಕಗಳಲ್ಲಿ ಇದನ್ನು ನೋಡೋಣ: 62, 91, 47, 78, 85, 33, 70, 96, 54, 88, 73. ಇವುಗಳಲ್ಲಿ ನಾಲ್ಕನೆಯ ದೊಡ್ಡದು ಬೇಕು. ಯಾವುದೋ ಒಂದನ್ನು, ಹೇಳಿ 70 ಅನ್ನು, ಆರಿಸಿಕೊಳ್ಳುತ್ತೇವೆ. ಇದನ್ನು ಪಿವಟ್ ಎನ್ನುತ್ತಾರೆ. ಉಳಿದ ಹತ್ತನ್ನೂ ಇದರ ಜೊತೆ ಹೋಲಿಸಿದರೆ ದೊಡ್ಡವು ಆರು (91, 78, 85, 96, 88, 73), ಸಣ್ಣವು ನಾಲ್ಕು. ನಮಗೆ ಬೇಕಾದ ನಾಲ್ಕನೆಯದು ಆ ಆರರಲ್ಲೇ ಇರಬೇಕು. ಹಾಗಾಗಿ 70 ಮತ್ತು ಅದಕ್ಕಿಂತ ಸಣ್ಣವನ್ನು ಮತ್ತೆ ಮುಟ್ಟುವುದೇ ಇಲ್ಲ. ಈಗ ಆರರಲ್ಲಿ 88 ಪಿವಟ್ ಆಗಲಿ. ಐದು ಹೋಲಿಕೆ ಮುಗಿದಾಗ ಅದಕ್ಕಿಂತ ದೊಡ್ಡವು ಎರಡು, ಸಣ್ಣವು ಮೂರು ಎಂದು ತಿಳಿಯುತ್ತದೆ. ಅಂದರೆ 88 ಮೂರನೆಯ ಸ್ಥಾನದ್ದು. ಮೇಲಿನ ಮೂರನ್ನು ಲೆಕ್ಕಕ್ಕೆ ಹಿಡಿದು ಬದಿಗಿಟ್ಟರೆ, ಉಳಿದ 78, 85, 73ರಲ್ಲಿ ಹುಡುಕಬೇಕಾದದ್ದು ನಾಲ್ಕನೆಯದನ್ನಲ್ಲ, ಒಂದನೆಯದನ್ನು. ಪ್ರೋಗ್ರಾಂ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ: ಮೇಲಿನ ಭಾಗವನ್ನು ಬಿಟ್ಟಾಗ ಸ್ಥಾನದ ಲೆಕ್ಕ ಕಳೆಯಬೇಕು, ಕೆಳಗಿನದನ್ನು ಬಿಟ್ಟಾಗ ಕಳೆಯಬಾರದು. ಕೊನೆಗೆ 78 ಪಿವಟ್ ಆದರೆ, ಎರಡೇ ಹೋಲಿಕೆಯಲ್ಲಿ 85 ಒಂಟಿಯಾಗಿ ಮೇಲುಳಿಯುತ್ತದೆ. ಒಟ್ಟು 17 ಹೋಲಿಕೆ. ಹನ್ನೊಂದನ್ನೂ ಪೂರ್ತಿ ಜೋಡಿಸಲು ಸರಾಸರಿ 25ಕ್ಕಿಂತ ಹೆಚ್ಚು ಬೇಕಾಗುತ್ತಿತ್ತು.

ಪಟ್ಟಿ ಉದ್ದವಾದಷ್ಟೂ ಈ ಅಂತರ ಹಿಗ್ಗುತ್ತದೆ. ಮನಬಂದಂತೆ ಆರಿಸಿದ ಪಿವಟ್, ಪಟ್ಟಿಯ ನಡುವಿನ ಅರ್ಧದಲ್ಲಿ ಬೀಳುವ ಸಾಧ್ಯತೆ ಎರಡರಲ್ಲಿ ಒಂದು. ಹಾಗೆ ಬಿದ್ದಾಗಲೆಲ್ಲ ಕನಿಷ್ಠ ಕಾಲುಭಾಗ ಕಳಚಿಹೋಗುತ್ತದೆ. ಕೆಲಸ ಹೀಗೆ ಕುಗ್ಗುತ್ತ ಹೋದರೆ ಒಟ್ಟು ಮೊತ್ತ ಪಟ್ಟಿಯ ಉದ್ದದ ಕೆಲವೇ ಪಟ್ಟಿನಲ್ಲಿ ನಿಲ್ಲುತ್ತದೆ. ಡೊನಾಲ್ಡ್ ಕ್ನೂತ್ 1971ರಲ್ಲಿ ಇದರ ನಿಖರವಾದ ಸರಾಸರಿಯನ್ನೇ ಲೆಕ್ಕ ಹಾಕಿದರು. ಪಟ್ಟಿಯ ತುದಿಯ ಹತ್ತಿರದ ಸ್ಥಾನ ಬೇಕಿದ್ದರೆ ಹೋಲಿಕೆಗಳು ಉದ್ದದ ಸುಮಾರು ಎರಡು ಪಟ್ಟು, ನಟ್ಟನಡುವಿನದು ಬೇಕಿದ್ದರೆ ಸುಮಾರು 3.39 ಪಟ್ಟು. ನಮ್ಮ ಕಟ್‌ಆಫ್ ಪ್ರಶ್ನೆಗೆ ಅದು 21 ಲಕ್ಷದಷ್ಟಾಗುತ್ತದೆ.

ಇಷ್ಟು ಹೇಳಿ, ಕ್ವಿಕ್‌ಸೆಲೆಕ್ಟೇ ಎಲ್ಲಕ್ಕಿಂತ ಅಗ್ಗ ಎಂದು ನಿಲ್ಲಿಸುವ ಬರಹಗಳು ಬಹಳ. ಅದು ಪೂರ್ತಿ ನಿಜವಲ್ಲ. ನಡುವೆ ಹೀಪ್ ಎಂಬ ಮೂರನೆಯ ದಾರಿಯಿದೆ, ಅದಕ್ಕೆ ಸಲ್ಲಬೇಕಾದ ಗೌರವ ಸಿಗುತ್ತಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ವಿಧಾನದಲ್ಲಿ ಇದುವರೆಗೆ ಕಂಡ ದೊಡ್ಡ 10,000 ಅಂಕಗಳನ್ನಷ್ಟೇ ಕೈಯಲ್ಲಿಟ್ಟುಕೊಂಡಿರುತ್ತೇವೆ. ಅವುಗಳಲ್ಲಿ ಅತಿ ಸಣ್ಣದು ಸದಾ ಬಾಗಿಲಲ್ಲೇ ಇರುವಂತೆ ಜೋಡಿಸಿಟ್ಟ ರಚನೆಯೇ ಹೀಪ್. ಹೊಸದಾಗಿ ಬಂದ ಅಂಕ ಆ ಅತಿ ಸಣ್ಣದನ್ನೂ ಮೀರದಿದ್ದರೆ ಒಂದೇ ಹೋಲಿಕೆಗೆ ಹೊರಗೆ. ಮೀರಿದರೆ ಮಾತ್ರ ಸಣ್ಣದನ್ನು ತೆಗೆದು, ಹೊಸದನ್ನು ಅದರ ಜಾಗಕ್ಕೆ ಇಳಿಸಬೇಕು. 10,000ದ ಹೀಪ್‌ನಲ್ಲಿ ಹಾಗೆ ಒಂದು ಸಲ ಇಳಿಸಲು ಸುಮಾರು 25 ಹೋಲಿಕೆ ತಗಲುತ್ತವೆ.

ಪಠ್ಯಪುಸ್ತಕಗಳು ಪ್ರತಿ ಅಂಕಕ್ಕೂ ಈ ಇಳಿಸುವ ಖರ್ಚು ಹಾಕಿ ಹೀಪ್‌ನ ಬೆಲೆ ಕಟ್ಟುತ್ತವೆ. ಅದು ಅತಿ ಕೆಟ್ಟ ಸಂದರ್ಭದ ಲೆಕ್ಕ. ಅಂಕಗಳು ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಬಂದರೆ, 5 ಲಕ್ಷನೆಯವರು ಅದುವರೆಗಿನ ಮೊದಲ 10,000ದೊಳಗೆ ಸೇರುವ ಸಾಧ್ಯತೆ ಐವತ್ತರಲ್ಲಿ ಒಂದು, 10 ಲಕ್ಷನೆಯವರಿಗೆ ನೂರರಲ್ಲಿ ಒಂದು. ಎಲ್ಲವನ್ನೂ ಕೂಡಿದರೆ ಒಳಗೆ ಬರುವವರು ಸರಾಸರಿ 46,000 ಮಂದಿ ಮಾತ್ರ. ಒಟ್ಟು ಖರ್ಚು ಸುಮಾರು 22 ಲಕ್ಷ ಹೋಲಿಕೆ, ಕ್ವಿಕ್‌ಸೆಲೆಕ್ಟ್‌ಗೆ ಸರಿಸಮ!

ಸೀಟು ಹತ್ತೇ ಇದ್ದಿದ್ದರೆ? ಹೀಪ್‌ಗೆ ಸೇರುವವರು ಸರಾಸರಿ 115 ಮಂದಿ. ಖರ್ಚು 10 ಲಕ್ಷವನ್ನು ಕೊಂಚವಷ್ಟೇ ಮೀರುತ್ತದೆ, ಕ್ವಿಕ್‌ಸೆಲೆಕ್ಟ್‌ಗೆ ಬೇಕಾದ 20 ಲಕ್ಷದ ಅರ್ಧ. ಆದರೆ 5 ಲಕ್ಷನೆಯ ಅಂಕ ಬೇಕೆಂದರೆ ಚಿತ್ರ ತಿರುಗುತ್ತದೆ: ಹೀಪ್‌ನ ಖರ್ಚು ಕೋಟಿ ದಾಟುತ್ತದೆ, ಕ್ವಿಕ್‌ಸೆಲೆಕ್ಟ್ 34 ಲಕ್ಷಕ್ಕೆ ಮುಗಿಸುತ್ತದೆ. 10 ಲಕ್ಷದ ಪಟ್ಟಿಯಲ್ಲಿ ಗಡಿ ಇರುವುದು ಶೇಕಡ ಒಂದರ ಆಸುಪಾಸಿನಲ್ಲಿ. ಇನ್ನೊಂದು ಮಾತು: ಹೀಪ್‌ಗೆ ಅಂಕಗಳು ಒಂದೊಂದಾಗಿ ಹರಿದುಬಂದರೂ ಸಾಕು, ಕ್ವಿಕ್‌ಸೆಲೆಕ್ಟ್‌ಗೆ ಇಡೀ ಪಟ್ಟಿ ಒಟ್ಟಿಗೆ ಕೈಗೆ ಸಿಗಬೇಕು. ಪೈಥಾನ್‌ನ `heapq.nlargest` ಮೊದಲ ಬಗೆಯದು, ಸಿ++ನ `nth_element` ಎರಡನೆಯ ಬಗೆಯದು. ಹತ್ತಾರು ಬೇರೆ ಬೇರೆ ಸ್ಥಾನಗಳನ್ನು ಮತ್ತೆ ಮತ್ತೆ ಕೇಳುವುದಿದ್ದರೆ, ಒಮ್ಮೆ ಪೂರ್ತಿ ಜೋಡಿಸಿಡುವುದೇ ವಾಸಿ.

ಮೇಲಿನ ಸರಾಸರಿಗಳೆಲ್ಲ ಪಿವಟ್ ಮನಬಂದಂತೆ ಬಿದ್ದಾಗಿನವು. ಪಟ್ಟಿ ಮೊದಲೇ ಏರಿಕೆಯ ಕ್ರಮದಲ್ಲಿದ್ದು, ನಾವು ಸದಾ ಮೊದಲನೆಯದನ್ನೇ ಪಿವಟ್ ಮಾಡಿದರೆ ಪ್ರತಿ ಸುತ್ತಿನಲ್ಲೂ ಕಳಚುವುದು ಒಂದೇ ಅಂಕ. ಆಗ ಹೋಲಿಕೆಗಳು 50,000 ಕೋಟಿಯ ಹತ್ತಿರ ಹೋಗುತ್ತವೆ. ಪಿವಟ್ ಅನ್ನು ಯಾದೃಚ್ಛಿಕವಾಗಿ ಆರಿಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಯಾವ ಪಟ್ಟಿ ಕೊಟ್ಟರೂ ಖರ್ಚು ಉದ್ದಕ್ಕೆ ತಕ್ಕಷ್ಟೇ ಇರುವಂಥ ವಿಧಾನವನ್ನು ಬ್ಲಮ್, ಫ್ಲಾಯ್ಡ್, ಪ್ರಾಟ್, ರಿವೆಸ್ಟ್, ಟಾರ್ಜನ್ ಎಂಬ ಐವರು 1973ರಲ್ಲಿ ತೋರಿಸಿಕೊಟ್ಟರು. ಆದರೆ ಅದರ ಸಾಮಾನ್ಯ ಖರ್ಚು ಹೆಚ್ಚು. ಹಾಗಾಗಿ ಡೇವಿಡ್ ಮಸರ್ 1997ರಲ್ಲಿ ಎರಡನ್ನೂ ಬೆಸೆದರು: ಕ್ವಿಕ್‌ಸೆಲೆಕ್ಟ್‌ನಿಂದಲೇ ಆರಂಭಿಸಿ, ಪಟ್ಟಿ ಸರಿಯಾಗಿ ಕುಗ್ಗುತ್ತಿಲ್ಲ ಎಂದು ಕಂಡಾಗ ಮಾತ್ರ ಭರವಸೆಯ ವಿಧಾನಕ್ಕೆ ಹೊರಳುವುದು.

ಯಾದೃಚ್ಛಿಕ ಪಿವಟ್‌ಗೂ ಬಗ್ಗದ ತೊಂದರೆಯೊಂದು ಪರೀಕ್ಷೆಯ ಅಂಕಗಳಲ್ಲೇ ಇದೆ. ಒಂದೇ ಅಂಕ ಪಡೆದವರು ಸಾವಿರಾರು ಮಂದಿ ಇರುತ್ತಾರೆ. ಪಿವಟ್‌ಗೆ ಸಮನಾದವರನ್ನೆಲ್ಲ ಒಂದೇ ಕಡೆಗೆ ತಳ್ಳುವಂತೆ ಬರೆದ ಪ್ರೋಗ್ರಾಂ ಆ ಗುಂಪಿನಲ್ಲಿ ಸಿಕ್ಕಿಕೊಂಡು, ಸುತ್ತಿಗೊಬ್ಬರನ್ನು ಕಳಚುತ್ತ ಕೂರುತ್ತದೆ. ದೊಡ್ಡವು, ಸಮನಾದವು, ಸಣ್ಣವು ಎಂದು ಮೂರು ಭಾಗ ಮಾಡಿದರೆ ಈ ತೊಡಕಿಲ್ಲ. ಬೇಕಾದ ಸ್ಥಾನ ಸಮನಾದವರ ಗುಂಪಿನಲ್ಲಿ ಬಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಅಂಕಗಳು 0ಯಿಂದ 180ರವರೆಗಿನ ಪೂರ್ಣಾಂಕಗಳಷ್ಟೇ ಆಗಿದ್ದರೆ ಹೋಲಿಕೆಯೇ ಬೇಡ, ಪ್ರತಿ ಅಂಕಕ್ಕೆ ಎಷ್ಟು ಮಂದಿ ಎಂದು ಎಣಿಸಿ ಮೇಲಿನಿಂದ ಕೂಡುತ್ತ ಬಂದರಾಯಿತು.

ಯಾವ ದಾರಿಯಿಂದ ಬಂದ ಉತ್ತರವನ್ನಾದರೂ ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ ಪರೀಕ್ಷಿಸಬಹುದು. ಕಟ್‌ಆಫ್‌ಗಿಂತ ಹೆಚ್ಚು ಅಂಕ ಪಡೆದವರು 10,000ಕ್ಕಿಂತ ಕಡಿಮೆ ಇರಬೇಕು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಪಡೆದವರು 10,000ಕ್ಕೆ ಕಡಿಮೆ ಇರಬಾರದು. ಎರಡೂ ಸರಿಯಿದ್ದರೆ ಅಂಕವೂ ಸರಿ. ಮೊದಲನೆಯ ಎಣಿಕೆ 9,940, ಎರಡನೆಯದು 10,215 ಎಂದು ಬಂದಿತೆನ್ನಿ: ಉಳಿದ 60 ಸೀಟಿಗೆ ಒಂದೇ ಅಂಕದ 275 ಮಂದಿ ನಿಂತಿದ್ದಾರೆ ಎಂದರ್ಥ. ಅವರಲ್ಲಿ ಯಾರಿಗೆ ಸೀಟು ಎಂಬುದನ್ನು ಪ್ರವೇಶದ ನಿಯಮವೇ ಹೇಳಬೇಕು.