ಆರನೆಯ ವಾರದ ಸಕ್ಕರೆ ಪರೀಕ್ಷೆ

ಡಿ. ಹಿರೇಹಾಳ್ ಸುತ್ತಿನ ಹಳ್ಳಿಗಳಿಗೂ ಬಳ್ಳಾರಿ ಕಡೆಯ ಹಳ್ಳಿಗಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಹಳೆಯದು. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ಆ ಬೀಗತನ ನಿಂತಿಲ್ಲ. ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋಗುತ್ತಾಳೆ, ಬಾಣಂತನ ಮುಗಿಸಿಕೊಂಡು ಕೆಲವು ತಿಂಗಳ ಮೇಲೆ ಕೂಸಿನೊಡನೆ ಹಿಂದಿರುಗುತ್ತಾಳೆ. ಈ ಹೋಗಿಬರುವ ಅವಧಿಯಲ್ಲಿಯೇ ಒಂದು ಪರೀಕ್ಷೆ ತಪ್ಪಿಹೋಗುವ ಸಂಭವ ಹೆಚ್ಚು. ಗರ್ಭಕಾಲದಲ್ಲಿ ಸಕ್ಕರೆ ಏರಿದ್ದ ತಾಯಿಗೆ ಹೆರಿಗೆಯಾದ ಆರನೆಯ ವಾರದಲ್ಲಿ ಮಾಡಬೇಕಾದ ಗ್ಲೂಕೋಸ್ ಪರೀಕ್ಷೆ ಅದು.

ಒಂದು ಕಲ್ಪಿತ ಉದಾಹರಣೆಯ ಮೂಲಕ ಇದನ್ನು ವಿವರಿಸಬಹುದು. ಇಪ್ಪತ್ನಾಲ್ಕು ವರ್ಷದ ಗರ್ಭಿಣಿಯೊಬ್ಬಳಿಗೆ ಆರನೆಯ ತಿಂಗಳಲ್ಲಿ ಆರೋಗ್ಯ ಕೇಂದ್ರದಲ್ಲಿ 75 ಗ್ರಾಂ ಗ್ಲೂಕೋಸ್ ಕದಡಿದ ನೀರನ್ನು ಕುಡಿಸಿ, ಎರಡು ತಾಸಿನ ಬಳಿಕ ರಕ್ತ ಪರೀಕ್ಷಿಸುತ್ತಾರೆ. ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 164 ಮಿಲಿಗ್ರಾಂ ಸಕ್ಕರೆ ಕಾಣುತ್ತದೆ. ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಂತೆ ಗರ್ಭಿಣಿಯಲ್ಲಿ ಇದು 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಕಾಲದ ಮಧುಮೇಹ. ಆಕೆ ಆಹಾರದಲ್ಲಿ ಪಥ್ಯ ಹಿಡಿಯುತ್ತಾಳೆ. ಬಳ್ಳಾರಿಯಲ್ಲಿ ಹೆರಿಗೆ ಸುಸೂತ್ರವಾಗುತ್ತದೆ. ಮರುದಿನ ನೋಡಿದರೆ ಸಕ್ಕರೆ ಸಹಜವಾಗಿದೆ. "ಸಕ್ಕರಿ ಹೋತಲ್ಲವ್ವಾ, ಇನ್ನ್ಯಾಕ ಸೂಜಿ?" ಎಂದು ಮನೆಯ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಫೈಲು ತವರಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಸೊಸೆ ಗಡಿ ದಾಟಿ ಬರುತ್ತಾಳೆ.

ಹಿರಿಯರು ಕಂಡದ್ದು ನಿಜ, ಸಕ್ಕರೆ ಇಳಿದಿದೆ. ಆದರೆ ಅದು ಏಕೆ ಇಳಿಯಿತೆಂಬುದನ್ನು ತಿಳಿಯಬೇಕು. ಗರ್ಭದಲ್ಲಿರುವ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಆಗ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ತಯಾರಿಸಿ ಆ ಕೊರತೆಯನ್ನು ತುಂಬಬೇಕಾಗುತ್ತದೆ. ಬಹುತೇಕ ಗರ್ಭಿಣಿಯರಲ್ಲಿ ಗ್ರಂಥಿಗೆ ಆ ಶಕ್ತಿಯಿರುತ್ತದೆ. ಕೆಲವರಲ್ಲಿ ಅದು ಸಾಲದೆ ಸಕ್ಕರೆ ಏರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಹೊರೆ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಗ್ರಂಥಿಯ ಬಲಹೀನತೆ ಮಾತ್ರ ಹಾಗೆಯೇ ಉಳಿಯುತ್ತದೆ. ಮುಂದೆ ವಯಸ್ಸು, ತೂಕ ಅಥವಾ ಮತ್ತೊಂದು ಬಸಿರು ಹೊರೆಯನ್ನು ಹೆಚ್ಚಿಸಿದಾಗ ಅದು ಟೈಪ್ 2 ಮಧುಮೇಹವಾಗಿ ಕಾಣಿಸಿಕೊಳ್ಳುತ್ತದೆ.

ಈ ಅಪಾಯದ ಪ್ರಮಾಣವನ್ನು ಕನ್ನಡ ನಾಡಿನಲ್ಲಿಯೇ ಅಳೆದು ನೋಡಲಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಾಗಿದ್ದ ಮಹಿಳೆಯರನ್ನು ಅಲ್ಲಿನ ಸಂಶೋಧಕರು ಐದು ವರ್ಷಗಳ ಬಳಿಕ ಮತ್ತೆ ಕರೆದು ಪರೀಕ್ಷಿಸಿದರು. ಗರ್ಭಕಾಲದಲ್ಲಿ ಮಧುಮೇಹವಿದ್ದ 35 ಮಂದಿಯಲ್ಲಿ ಶೇ. 37ರಷ್ಟು ಮಂದಿಗೆ ಆ ವೇಳೆಗೆ ಮಧುಮೇಹ ಬಂದಿತ್ತು. ಅದಿಲ್ಲದಿದ್ದ 489 ಮಂದಿಯಲ್ಲಿ ಹಾಗಾದವರು ಶೇ. 2 ಮಾತ್ರ. ಮೂವತ್ತೈದು ಎಂಬುದು ಚಿಕ್ಕ ಸಂಖ್ಯೆ, ಆದ್ದರಿಂದ ಆ ಶೇಕಡಾವಾರನ್ನು ಎಲ್ಲ ಊರಿಗೂ ಅಕ್ಷರಶಃ ಅನ್ವಯಿಸಲಾಗದು. ಆದರೂ ಎರಡು ಗುಂಪುಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಅಂದು ಅವರೆಲ್ಲರ ಮಕ್ಕಳು ಇನ್ನೂ ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿನವರು.

ಇನ್ನು ಪರೀಕ್ಷೆಯ ವಿಷಯ. ಹಿಂದಿನ ರಾತ್ರಿ ಊಟ ಮಾಡಿ, ಅನಂತರ ಕನಿಷ್ಠ ಎಂಟು ತಾಸು ನೀರಿನ ಹೊರತು ಏನನ್ನೂ ಸೇವಿಸದೆ ತಾಯಿಯು ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕು. ಮೊದಲು ಉಪವಾಸದ ರಕ್ತ ತೆಗೆಯುತ್ತಾರೆ. ಬಳಿಕ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಅದನ್ನು ಐದು ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಮನೆಯ ಸಕ್ಕರೆ ಕದಡಿ ಕುಡಿದರೆ ಅದು ಈ ಪರೀಕ್ಷೆಯಾಗುವುದಿಲ್ಲ. ಕುಡಿಯಲು ತೊಡಗಿದ ಗಳಿಗೆಯಿಂದ ಎರಡು ತಾಸು ಎಣಿಸಿ ಮತ್ತೆ ರಕ್ತ ಕೊಡಬೇಕು. ಅಲ್ಲಿಯವರೆಗೆ ತಿಂಡಿ, ಚಹಾ ಇಲ್ಲ, ಪೇಟೆ ಸುತ್ತುವಂತೆಯೂ ಇಲ್ಲ, ಒಂದೆಡೆ ಕುಳಿತಿರಬೇಕು. ಅರ್ಧ ತಾಸಿನೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಇನ್ನೊಂದು ದಿನ ಹೊಸದಾಗಿ ಮಾಡಬೇಕಾಗುತ್ತದೆ. ನಡುವೆ ಕೂಸು ಅತ್ತರೆ ಹಾಲೂಡಿಸಬಹುದು. ಆದರೆ ಅದರಿಂದ ಅಂಕೆ ತುಸು ಇಳಿಯುವ ಸಂಭವವಿರುವುದರಿಂದ ಆ ಸಂಗತಿಯನ್ನು ಪರೀಕ್ಷಿಸುವವರಿಗೆ ಹೇಳಿದರೆ ಒಳ್ಳೆಯದು.

ಉಪವಾಸದ ಅಂಕೆ 126 ಅಥವಾ ಮೇಲಿದ್ದರೆ, ಇಲ್ಲವೆ ಎರಡು ತಾಸಿನ ಅಂಕೆ 200 ಅಥವಾ ಮೇಲಿದ್ದರೆ ಮಧುಮೇಹವೆಂದು ಎಣಿಸುತ್ತಾರೆ. ಎರಡು ತಾಸಿನ ಅಂಕೆ 140ಕ್ಕಿಂತ ಕೆಳಗಿದ್ದರೆ ಸಹಜ. 140ರಿಂದ 199ರವರೆಗಿನದು ಮಧುಮೇಹದ ಹೊಸ್ತಿಲು. ಉದಾಹರಣೆಯ ತಾಯಿಗೆ ಆರನೆಯ ವಾರದಲ್ಲಿ ಉಪವಾಸದ ಸಕ್ಕರೆ 97, ಎರಡು ತಾಸಿನದು 156 ಬಂದಿತೆನ್ನೋಣ. ಬೆಳಗಿನ ರಕ್ತವನ್ನಷ್ಟೇ ಪರೀಕ್ಷಿಸಿದ್ದರೆ ಆಕೆಗೆ "ಏನೂ ಇಲ್ಲ" ಎಂಬ ಉತ್ತರ ಸಿಗುತ್ತಿತ್ತು. ಹೊಸ್ತಿಲ ಮೇಲಿರುವ ಸಂಗತಿಯನ್ನು ತಿಳಿಸಿದ್ದು ಎರಡನೆಯ ರಕ್ತ. ಎರಡು ತಾಸು ಕಾದು ಕುಳಿತದ್ದಕ್ಕೆ ಅದೇ ಫಲ.

ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, ಕಾಯುವುದೂ ಬೇಡ. ಆದ್ದರಿಂದ ಅದನ್ನೇ ಮಾಡಿಸಿದರಾಗದೆ ಎಂದು ಹಲವರು ಕೇಳುತ್ತಾರೆ. ಆ ಪರೀಕ್ಷೆ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಹೆರಿಗೆಯಲ್ಲಿ ರಕ್ತ ಹೋಗಿ ಹೊಸ ಕಣಗಳು ಹುಟ್ಟಿರುವಾಗ, ಅವುಗಳಿಗೆ ಸಕ್ಕರೆ ಅಂಟಲು ಇನ್ನೂ ಸಮಯವಾಗಿರುವುದಿಲ್ಲ, ಅಂಕೆ ಸುಳ್ಳಾಗಿ ಇಳಿದು ಕಾಣುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರೆ ತದ್ವಿರುದ್ಧವಾಗಿ ಏರಿಯೂ ಕಾಣಬಹುದು. ಆರನೆಯ ವಾರಕ್ಕೆ ಗ್ಲೂಕೋಸ್ ಕುಡಿಸುವ ಪರೀಕ್ಷೆಯನ್ನೇ ಹೇಳಿರುವುದಕ್ಕೆ ಇದು ಕಾರಣ.

ಕೂಸಿಗೆ ಮೊದಲ ಸುತ್ತಿನ ಪೆಂಟಾವೇಲೆಂಟ್ ಲಸಿಕೆ ಬೀಳುವುದೂ ಆರನೆಯ ವಾರದಲ್ಲಿಯೇ. ಆ ದಿನವನ್ನು ಯಾವ ಮನೆಯೂ ಮರೆಯುವುದಿಲ್ಲ. ಆದ್ದರಿಂದ ತಾಯಿಯ ಪರೀಕ್ಷೆಯನ್ನು ಆ ಬೆಳಿಗ್ಗೆಗೇ ಹೊಂದಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಗೆ ಒಂದು ವಾರ ಮೊದಲೇ ತಿಳಿಸಿ, ಲಸಿಕೆ ಹಾಕುವಲ್ಲಿ ಈ ಪರೀಕ್ಷೆ ನಡೆಯುವುದೇ ಎಂದು ಕೇಳಿಕೊಳ್ಳಬೇಕು. ಆರನೆಯ ವಾರ ತಪ್ಪಿದರೆ ಹನ್ನೆರಡನೆಯ ವಾರದೊಳಗೆ ಮಾಡಿಸಬೇಕು. ಅದೂ ತಪ್ಪಿದ್ದರೆ, ನೆನಪಾದ ದಿನವೇ ಮಾಡಿಸಬೇಕಾದ ದಿನ.

ಈ ಆರು ವಾರಗಳಲ್ಲಿ ತಾಯಿಗೆ ನೆರವಾಗುವ ಇನ್ನೊಂದು ಸಂಗತಿ ಎದೆಹಾಲು. ತಾಯಿ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲೂಡಿಸಿದರೆ ಅದರಲ್ಲಿ ಸುಮಾರು 50 ಗ್ರಾಂ ಹಾಲಿನ ಸಕ್ಕರೆಯಿರುತ್ತದೆ. ಅದನ್ನು ಆಕೆಯ ದೇಹ ತನ್ನ ರಕ್ತದ ಸಕ್ಕರೆಯಿಂದಲೇ ತಯಾರಿಸುತ್ತದೆ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಗರ್ಭಕಾಲದ ಮಧುಮೇಹವಿದ್ದ 959 ತಾಯಂದಿರನ್ನು ಹೆರಿಗೆಯ ಬಳಿಕ ಎರಡು ವರ್ಷ ಗಮನಿಸಿದಾಗ 113 ಮಂದಿಗೆ ಮಧುಮೇಹ ಬಂದಿತು. ಹತ್ತು ತಿಂಗಳಿಗೂ ಮೀರಿ ಹಾಲೂಡಿಸಿದವರಲ್ಲಿ, ಎರಡು ತಿಂಗಳೊಳಗೆ ನಿಲ್ಲಿಸಿದವರಿಗೆ ಹೋಲಿಸಿದರೆ, ಅಪಾಯ ಅರ್ಧಕ್ಕಿಂತಲೂ ಕಡಿಮೆಯಿತ್ತು. ಹಾಲೂಡಿಸಿದ್ದರಿಂದಲೇ ಅಷ್ಟೂ ಲಾಭವಾಯಿತೆಂದು ಇಂಥ ಅಧ್ಯಯನ ಸಿದ್ಧಮಾಡಲಾರದು. ಹಾಲೂಡಿಸಿದ ತಾಯಿಗೆ ಪರೀಕ್ಷೆ ಬೇಡವೆಂದೂ ಇದರ ಅರ್ಥವಲ್ಲ.

ಹುಟ್ಟಿದ ಒಂದು ತಾಸಿನೊಳಗೆ ಮೊದಲ ಹಾಲು ಕೊಡುವುದು ಇಂಥ ಕೂಸಿಗೆ ವಿಶೇಷವಾಗಿ ಬೇಕು. ಗರ್ಭದಲ್ಲಿ ತಾಯಿಯ ಹೆಚ್ಚಿನ ಸಕ್ಕರೆಗೆ ಹೊಂದಿಕೊಂಡು ಹೆಚ್ಚು ಇನ್ಸುಲಿನ್ ತಯಾರಿಸುತ್ತಿದ್ದ ಕೂಸಿಗೆ, ಬಳ್ಳಿ ಕತ್ತರಿಸಿದೊಡನೆ ಸಕ್ಕರೆ ತೀರಾ ಇಳಿದುಬಿಡಬಹುದು. ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಕಾದು ಕೊಡುವ ರೂಢಿ ಆ ಹೊತ್ತಿನಲ್ಲಿ ಅಪಾಯಕರ. ಸಕ್ಕರೆಯಿದ್ದ ತಾಯಿಯ ಹಾಲಿನಿಂದ ಕೂಸಿಗೆ ಕಾಯಿಲೆ ಅಂಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹಾಲು ಹೆಚ್ಚಲೆಂದು ದಿನಕ್ಕೆ ಮೂರು ನಾಲ್ಕು ಅಂಟಿನುಂಡೆ ತಿನ್ನಿಸುವುದೂ ಬೇಕಿಲ್ಲ, ಏಕೆಂದರೆ ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಕೂಸು ಹೆಚ್ಚು ಸಲ ಚೀಪಿದಷ್ಟು ಹಾಲು ಹೆಚ್ಚುತ್ತದೆ.

ಆರನೆಯ ವಾರದ ಅಂಕೆ ಸಹಜವಿದ್ದರೂ ಕಥೆ ಮುಗಿಯದು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಪರೀಕ್ಷೆ ನಡೆಯಬೇಕು. ಇಲ್ಲಿ ಒಂದು ಅಡಚಣೆಯಿದೆ. ಮಧುಮೇಹ, ರಕ್ತದೊತ್ತಡಗಳಿಗಾಗಿ ಸರ್ಕಾರ ಮನೆ ಮನೆಗೆ ಬಂದು ನಡೆಸುವ ತಪಾಸಣೆ 30 ವರ್ಷ ತುಂಬಿದವರಿಗಾಗಿ ರೂಪಿತವಾದದ್ದು. ಇಪ್ಪತ್ತೈದರ ತಾಯಿಯ ಹೆಸರು ಆ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಆಕೆಯೇ ಹೋಗಿ, "ನನಗೆ ಬಸಿರಿನಲ್ಲಿ ಸಕ್ಕರೆ ಇತ್ತು" ಎಂದು ಹೇಳಿ ಕೇಳಬೇಕು.

ಉದಾಹರಣೆಯ ತಾಯಿ ಹಾಗೆಯೇ ಮಾಡಿದಳೆನ್ನೋಣ. ಮೊದಲ ವರ್ಷ ಎರಡು ತಾಸಿನ ಅಂಕೆ 158, ಎರಡನೆಯ ವರ್ಷ 171, ಮೂರನೆಯ ವರ್ಷ 206. ಲಕ್ಷಣವಿಲ್ಲದಿರುವಾಗ ಒಂದೇ ಅಂಕೆಯನ್ನು ನಂಬಿ ತೀರ್ಮಾನಿಸುವುದಿಲ್ಲ, ಆದ್ದರಿಂದ ವೈದ್ಯರು ಇನ್ನೊಂದು ದಿನ ಮತ್ತೆ ಪರೀಕ್ಷಿಸಿದರು, 211 ಬಂದಿತು. ಇಪ್ಪತ್ತೇಳನೆಯ ವಯಸ್ಸಿಗೆ ಮಧುಮೇಹ ಖಚಿತವಾಯಿತು. ಆಕೆಗೆ ದಾಹವಿರಲಿಲ್ಲ, ದಣಿವಿರಲಿಲ್ಲ. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆಯೆಂದು ಹಿರಿಯರು ಗುರುತಿಸುತ್ತಿದ್ದರು. ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಬಿಡುವುದೇ ಇಲ್ಲ. ಇರುವೆಗಾಗಿ ಕಾಯುತ್ತಾ ಕುಳಿತರೆ ಕಣ್ಣಿನ, ಮೂತ್ರಪಿಂಡದ ಸಣ್ಣ ರಕ್ತನಾಳಗಳು ಆ ವೇಳೆಗೆ ವರ್ಷಗಟ್ಟಲೆ ಸವೆದಿರುತ್ತವೆ.

ಬೇಗ ತಿಳಿದದ್ದರ ಬೆಲೆ ಎರಡನೆಯ ಬಸಿರಿನಲ್ಲಿ ಇನ್ನೂ ಹೆಚ್ಚು. ಭ್ರೂಣದ ಹೃದಯ, ಬೆನ್ನುಹುರಿಗಳು ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಬಹಳ ಮಂದಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ಅವಧಿ ಕಳೆದಿರುತ್ತದೆ. ಆಗ ತಾಯಿಯ ಸಕ್ಕರೆ ಅರಿವಿಲ್ಲದೆ ಏರಿದ್ದರೆ ಮಗುವಿಗೆ ಅಂಗದೋಷದ ಅಪಾಯವಿದೆ. ಆದ್ದರಿಂದ ಮತ್ತೊಂದು ಮಗು ಬೇಕೆಂದು ನಿರ್ಧರಿಸುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿ, ಬಸಿರು ನಿಂತೊಡನೆ ಇನ್ನೊಮ್ಮೆ ಮಾಡಿಸಬೇಕು.

ಬಳ್ಳಾರಿಯ ಫೈಲಿನಲ್ಲಿರುವುದು ರಾಯದುರ್ಗದ ವೈದ್ಯರಿಗೆ ತಾನಾಗಿ ತಿಳಿಯುವುದಿಲ್ಲ. ತವರಿನಿಂದ ಹೊರಡುವ ಮುನ್ನ ಬಿಡುಗಡೆಯ ಚೀಟಿಯ ಒಂದು ಪ್ರತಿಯನ್ನು ತಾಯಿ ಕಾರ್ಡಿನೊಳಗಿಟ್ಟು, ಕಾರ್ಡಿನ ರಟ್ಟಿನ ಮೇಲೆ ಮೂರು ಸಾಲು ಬರೆದುಕೊಂಡರೆ ಸಾಕು: ಗರ್ಭಕಾಲದಲ್ಲಿ ಮಧುಮೇಹವಿತ್ತು, ಆರನೆಯ ವಾರದ ಎರಡು ಅಂಕೆಗಳು ಇಂತಿಷ್ಟು, ಮುಂದಿನ ಪರೀಕ್ಷೆ ಇಂಥ ತಿಂಗಳು. ಆ ತಿಂಗಳು ಮಗುವಿನ ಹುಟ್ಟಿದ ತಿಂಗಳೇ ಆಗಿದ್ದರೆ ಮರೆಯುವ ಭಯವಿಲ್ಲ. ತೆಲುಗು ಬಲ್ಲ ನರ್ಸಮ್ಮನಿಗೂ ಕನ್ನಡ ಬಲ್ಲ ನರ್ಸಮ್ಮನಿಗೂ 156 ಎಂಬ ಅಂಕೆ ಒಂದೇ ಮಾತನ್ನು ಹೇಳುತ್ತದೆ.